“ಹೇಳಿದೆ. ಒಪ್ಪಲಿಲ್ಲ.” ಇಂಗ್ಲಿಷಿಗೆ ತರುವಾಗ ಹೇಳಿದವರು ಯಾರು, ಒಪ್ಪದವರು ಯಾರು?

ಕುಂಜಿಬೆಟ್ಟು ಅನುವಾದಕಿ

ಒಂದು ಆಸ್ತಿ ವ್ಯಾಜ್ಯದ ಮೊಬೈಲ್ ಸಂದೇಶಗಳನ್ನು ಇಂಗ್ಲಿಷಿಗೆ ಮಾಡಿಕೊಡುವ ಕೆಲಸ ಬಂದಿದೆ. ಉಡುಪಿಯ ನ್ಯಾಯಾಲಯದಲ್ಲಿ ಕನ್ನಡದಲ್ಲೇ ನಡೆದಿತ್ತು. ಈಗ ಹೈಕೋರ್ಟಿಗೆ ಹೋಗಿರುವುದರಿಂದ ಇಂಗ್ಲಿಷ್ ಬೇಕು. ಸುಮಾರು ಇನ್ನೂರು ಸಂದೇಶಗಳು ಸಲೀಸಾಗಿ ಮುಗಿದವು. ನಾಲ್ಕು ಮಾತ್ರ ಎರಡು ದಿನದಿಂದ ನನ್ನನ್ನು ಹಿಡಿದುಕೊಂಡಿವೆ. ಹೆಸರು, ಊರು, ದಿನಾಂಕ ಯಾವುದನ್ನೂ ಹಾಕುವುದಿಲ್ಲ. ಅಕ್ಕ ಮತ್ತು ತಮ್ಮ ಎಂದಷ್ಟೇ ತಿಳಿಯಿರಿ. ಇಬ್ಬರೂ ಮೊಬೈಲಿನಲ್ಲಿಯೂ ಪುಸ್ತಕದ ಕನ್ನಡವನ್ನೇ ಬರೆಯುವವರು.

ತಮ್ಮ, 10.04: ಅವರು ಬಂದಿದ್ದರು. ಕಳುಹಿಸಿದ್ದೇನೆ ಎಂದರು.
ಅಕ್ಕ, 10.09: ಬರಲಿಲ್ಲ.
ತಮ್ಮ, 10.10: ಹಾಗಾದರೆ ಕೇಳಬೇಕು.
ಅಕ್ಕ, 10.31: ಹೇಳಿದೆ. ಒಪ್ಪಲಿಲ್ಲ.

ಹಿಂದಿನ ಸಂದೇಶಗಳಿಂದ ತಿಳಿಯುವುದು ಇಷ್ಟು. ದೊಡ್ಡಪ್ಪನ ಮಗನೊಬ್ಬರಿದ್ದಾರೆ, ಅವರು ಅಡಿಕೆ ಮಾರಿದ ಹಣದಲ್ಲಿ ಒಂದು ಪಾಲನ್ನು ತಾಯಿಯ ಖಾತೆಗೆ ಹಾಕಬೇಕಾಗಿತ್ತು. ಪಾಸ್‌ಬುಕ್ ಇರುವುದು ಕೊನೆಯ ತಂಗಿಯ ಕೈಯಲ್ಲಿ. ನನ್ನ ಮೊದಲ ಕರಡಿನಲ್ಲಿ ಕೊನೆಯ ಸಂದೇಶವನ್ನು “ಐ ಟೋಲ್ಡ್ ಹಿಮ್. ಹೀ ಡಿಡ್ ನಾಟ್ ಅಗ್ರೀ” ಎಂದು ಬರೆದೆ. ಮರುದಿನ ಬೆಳಗ್ಗೆ ಓದಿದಾಗ ಮೈ ಜುಮ್ಮೆಂದಿತು. ಆ “ಹಿಮ್” ಎಲ್ಲಿಂದ ಬಂತು? ಆ “ಹೀ” ಯಾರು? ಮೂಲದಲ್ಲಿ ಎರಡೂ ಇಲ್ಲ. ನಾನೇ ಒಬ್ಬ ಮನುಷ್ಯನನ್ನು ಸೃಷ್ಟಿಸಿ ನ್ಯಾಯಾಲಯದ ಕಡತದೊಳಗೆ ಕೂರಿಸಿದ್ದೆ. ಇಂಥ ಕಡೆ ನೀವೆಲ್ಲ ಏನು ಮಾಡುತ್ತೀರಿ?

ಹಂಪನಕಟ್ಟೆ

ಇಷ್ಟು ತಲೆಕೆಡಿಸಿಕೊಳ್ಳಬೇಕಾಗಿಲ್ಲ ಮೇಡಂ. ನಾನು ಏಳೆಂಟು ವರ್ಷಗಳಿಂದ ಬ್ಯಾಂಕಿನವರಿಗೆ, ವಿಮೆಯವರಿಗೆ ಅನುವಾದ ಮಾಡಿಕೊಡುತ್ತಿದ್ದೇನೆ. ನನ್ನದು ಎರಡೇ ನಿಯಮ. “ಅವರು” ಕಂಡರೆ “ದೇ” ಎಂದು ಹಾಕಿ. ಒಬ್ಬರಾದರೂ ಹಲವರಾದರೂ, ಗಂಡಾದರೂ ಹೆಣ್ಣಾದರೂ ಅದು ಹೊಂದುತ್ತದೆ, ಈಗಿನ ಇಂಗ್ಲಿಷ್ ಅದನ್ನು ಒಪ್ಪುತ್ತದೆ. ಕನ್ನಡದಲ್ಲಿ ಕರ್ತೃಪದ ಇಲ್ಲದಿದ್ದರೆ ಇಂಗ್ಲಿಷಿನಲ್ಲಿಯೂ ಬಿಡಿ. ಮೊಬೈಲಿನಲ್ಲಿ ಇಂಗ್ಲಿಷಿನವರೂ ಹಾಗೆಯೇ ಬರೆಯುತ್ತಾರಲ್ಲ. “ಡಿಡ್ ನಾಟ್ ಕಮ್.” “ಟೋಲ್ಡ್. ಡಿಡ್ ನಾಟ್ ಅಗ್ರೀ.” ಮೂಲದಲ್ಲಿ ಇಲ್ಲದ್ದನ್ನು ಸೇರಿಸಿದ ದೋಷವೂ ನಮ್ಮ ಮೇಲೆ ಬರುವುದಿಲ್ಲ.

ಕದ್ರಿ ಗುಡ್ಡೆ

ಹಂಪನಕಟ್ಟೆಯವರ ಎರಡನೆಯ ನಿಯಮ ನೋಡಲು ಪ್ರಾಮಾಣಿಕವಾಗಿದೆ, ಆದರೆ ಮೋಸ ಇರುವುದು ಅಲ್ಲಿಯೇ. ಇಂಗ್ಲಿಷಿನವರು ಸಂದೇಶದಲ್ಲಿ ಕರ್ತೃವನ್ನು ಬಿಡುತ್ತಾರೆ ಎಂಬುದು ನಿಜ. ಯಾವಾಗ ಬಿಡುತ್ತಾರೆ? ಹೆಚ್ಚಾಗಿ ಅದು “ಐ” ಆಗಿದ್ದಾಗ. ಆದ್ದರಿಂದ “ಡಿಡ್ ನಾಟ್ ಕಮ್” ಎಂದು ಓದಿದ ಇಂಗ್ಲಿಷ್ ಓದುಗನ ಮನಸ್ಸಿಗೆ ಮೊದಲು ಹೊಳೆಯುವುದು “ನಾನು ಬರಲಿಲ್ಲ” ಎಂಬ ಅರ್ಥ. ಕನ್ನಡದ “ಬರಲಿಲ್ಲ” ಯಾರ ಕಡೆಗೂ ವಾಲಿಲ್ಲ. ಇಂಗ್ಲಿಷಿನ ಖಾಲಿ ಜಾಗ ಬರೆದವರ ಕಡೆಗೆ ವಾಲಿದೆ. ನೀವು ಏನನ್ನೂ ಸೇರಿಸಲಿಲ್ಲ ಎಂದುಕೊಂಡಿರುತ್ತೀರಿ, ಓದುಗ “ನಾನು” ಎಂದು ಸೇರಿಸಿಕೊಂಡಿರುತ್ತಾನೆ. “ಟೋಲ್ಡ್. ಡಿಡ್ ನಾಟ್ ಅಗ್ರೀ” ಎಂದರೆ ಅಕ್ಕನೇ ಒಪ್ಪಲಿಲ್ಲ ಎಂದಾಗಿ ಹೋಗಬಹುದು. ನ್ಯಾಯಾಲಯದಲ್ಲಿ ಅದು ಚಿಕ್ಕ ತಪ್ಪಲ್ಲ.

ಈಗ ಸಂದೇಶಗಳಿಗೆ ಬರುತ್ತೇನೆ. ನಮ್ಮ ಕ್ರಿಯಾಪದದ ಬಾಲದಲ್ಲೇ ಕರ್ತೃ ಇರುತ್ತಾನೆ, ಹಾಗಾಗಿ ನಾವು ಧೈರ್ಯವಾಗಿ ಅವನನ್ನು ಬಿಟ್ಟುಬಿಡುತ್ತೇವೆ. ಬಂದ, ಬಂದಳು, ಬಂದರು, ಬಂತು ಎಂದರೆ ಸಾಕು. ಆದರೆ ಆ ಬಾಲ ಎಲ್ಲ ಕಡೆ ಇರುವುದಿಲ್ಲ, ಇದ್ದ ಕಡೆಯೂ ಎಲ್ಲವನ್ನೂ ಹೇಳುವುದಿಲ್ಲ. ಈ ನಾಲ್ಕು ಸಾಲುಗಳಲ್ಲಿ ಎರಡು ಬಗೆಯ ತೊಡಕೂ ಇವೆ.

ಮೊದಲ ಸಾಲು ಅಷ್ಟು ಕಷ್ಟವಲ್ಲ. “ಅವರು ಬಂದಿದ್ದರು” ಎಂಬುದರಿಂದ ಬಂದವರು ಒಬ್ಬರೋ ಇಬ್ಬರೋ ತಿಳಿಯುವುದಿಲ್ಲ. ಮುಂದಿನ ವಾಕ್ಯದಲ್ಲಿ “ಕಳುಹಿಸಿದ್ದೇನೆ ಎಂದರು” ಎಂದಿದೆ. ಉದ್ಧರಿಸಿದ ಮಾತಿನೊಳಗಿನ ಕ್ರಿಯಾಪದ ಏಕವಚನ. ಹಲವರು ಬಂದಿದ್ದರೆ “ಕಳುಹಿಸಿದ್ದೇವೆ ಎಂದರು” ಎಂದಾಗುತ್ತಿತ್ತು. ಅಂದರೆ “ಅವರು” ಇಲ್ಲಿ ಗೌರವದ ಬಹುವಚನ, ಮನುಷ್ಯ ಒಬ್ಬರೇ. ಇಲ್ಲಿ “ದೇ” ಹಾಕಿದರೆ ನಾಲ್ಕು ಜನ ಬಂದು ಹೋದಂತೆ ನ್ಯಾಯಾಧೀಶರಿಗೆ ಕಾಣಬಹುದು. ಇನ್ನೊಂದು ಎಚ್ಚರ ಬೇಕು: “ಕಳುಹಿಸಿದ್ದೇನೆ” ಎಂಬುದರೊಳಗಿನ “ನಾನು” ತಮ್ಮನಲ್ಲ, ಬಂದವರು. ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ಅವರ ಬಾಯಿಯಿಂದ ಬಂದ ಹಾಗೆಯೇ ಇಟ್ಟು “ಎಂದು” ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ಅದು “ಹೀ ಸೆಡ್ ಹೀ ಹ್ಯಾಡ್ ಸೆಂಟ್ ಇಟ್” ಎಂದು ತಿರುಗಬೇಕು. “ಐ” ಎಂದು ಉಳಿಸಿದರೆ ಹಣ ಕಳುಹಿಸಿದವನು ತಮ್ಮ ಎಂದಾಗುತ್ತದೆ. ಹೀ ಎಂಬುದನ್ನು ಮಾತ್ರ ಈ ಸಾಲಿನಿಂದ ತೆಗೆಯಬೇಡಿ, ಹಿಂದೆ ಎಲ್ಲಾದರೂ ಹೆಸರೋ “ಅಣ್ಣ” ಎಂಬ ಮಾತೋ ಇದ್ದರೆ ಅದರ ಆಧಾರದಿಂದ ಹಾಕಿ.

ಎರಡನೆಯದು ಮತ್ತು ಕೊನೆಯದು ನಿಷೇಧ. “ಬರಲಿಲ್ಲ”, “ಒಪ್ಪಲಿಲ್ಲ”. ನಾನು, ನೀನು, ಅವನು, ಅವಳು, ಅದು, ಅವರು, ಯಾರನ್ನು ಮುಂದೆ ಇಟ್ಟರೂ ರೂಪ ಬದಲಾಗುವುದಿಲ್ಲ. ಬಾಲವೇ ಇಲ್ಲ. ನನ್ನ ಉಪಾಯ ಒಂದೇ. ಬರೆದವರನ್ನು “ಯಾರು ಬರಲಿಲ್ಲ?” ಎಂದು ಕೇಳಬೇಡಿ. “ಇದು ಆಗಿದ್ದಿದ್ದರೆ ಏನೆಂದು ಬರೆಯುತ್ತಿದ್ದಿರಿ?” ಎಂದು ಕೇಳಿ. ಬಂತು ಎಂದರೆ ಹಣ. ಬಂದರು ಎಂದರೆ ದೊಡ್ಡಪ್ಪನ ಮಗ. ಹೌದು ಎನ್ನುವ ರೂಪಕ್ಕೆ ತಿರುಗಿಸಿದ ಕೂಡಲೇ ಬಾಲ ಹೊರಬರುತ್ತದೆ.

ಹಳೆಯ ಮೇಷ್ಟ್ರು

ಕದ್ರಿಯವರ ಮಾತಿಗೆ ಒಂದು ಸೇರಿಸುತ್ತೇನೆ. ನಿಷೇಧಕ್ಕೆ ಬಾಲವಿಲ್ಲದಿರುವುದು ಕನ್ನಡದ ಹುಟ್ಟುಗುಣವಲ್ಲ. ಹಳೆಯ ಕನ್ನಡದಲ್ಲಿ ಬಾರೆನು, ಬಾರನು, ಬಾರಳು ಎಂದು ಒಬ್ಬೊಬ್ಬರಿಗೆ ಒಂದೊಂದು ರೂಪವಿತ್ತು. ಈಗಲೂ “ಒಲ್ಲೆ” ಎಂದರೆ ನಾನೇ, “ಅರಿಯೆ” ಎಂದರೆ ನಾನೇ. ಅದು ಸವೆದು “ಇಲ್ಲ” ಬಂದು ಕುಳಿತ ಮೇಲೆ ಈ ತೊಡಕು ಹುಟ್ಟಿತು. ಹೈಕೋರ್ಟಿನ ಕಡತಕ್ಕೆ ಇದರಿಂದ ಪ್ರಯೋಜನವಿಲ್ಲ ಎಂದು ಗೊತ್ತು, ಆದರೂ ಹೇಳದೆ ಇರಲಾಗಲಿಲ್ಲ.

“ಹೇಳಿದೆ” ಎಂಬುದರಲ್ಲಿ ಮಾತ್ರ ತೊಡಕೇನೂ ಕಾಣುವುದಿಲ್ಲ. ಉತ್ತಮ ಪುರುಷ, ಏಕವಚನ, ಭೂತಕಾಲ. ನಾನು ಹೇಳಿದೆ. ಅಷ್ಟೇ.

ಕದ್ರಿ ಗುಡ್ಡೆ

ಮೇಷ್ಟ್ರೇ, ಅಲ್ಲಿಯೂ ಅಷ್ಟು ಸುಲಭವಿಲ್ಲ. “ನೀನು ಆಗಲೇ ಹೇಳಿದೆ, ನಾನು ಕೇಳಲಿಲ್ಲ” ಎನ್ನುತ್ತೇವೆ. ಮಧ್ಯಮ ಪುರುಷಕ್ಕೂ ಅದೇ ರೂಪ. ನಾಳಿನ ಪತ್ರಿಕೆ ತೆರೆದರೆ “ವರದಿ ಹೇಳಿದೆ”, “ಸರ್ಕಾರ ಹೇಳಿದೆ” ಎಂದಿರುತ್ತದೆ. ಅದು ಹೇಳಿ ಮತ್ತು ಇದೆ ಎರಡೂ ಕೂಡಿದ ರೂಪ, ಕರ್ತೃ ನಪುಂಸಕ. ಬರೆಯುವಾಗ ಮೂರೂ ಒಂದೇ ಅಕ್ಷರಗಳು. ಕಳುಹಿಸಿದೆ, ಮಾಡಿದೆ, ತೋರಿಸಿದೆ, ಎಲ್ಲದರ ಕಥೆಯೂ ಇದೇ. “ಕೊಟ್ಟೆ”, “ಬಂದೆ” ಇಂಥವುಗಳಲ್ಲಿ ನಪುಂಸಕ ಬೇರೆಯಾಗುತ್ತದೆ, ಕೊಟ್ಟಿದೆ, ಬಂದಿದೆ ಎಂದಾಗುತ್ತದೆ. ಅಲ್ಲಿ ನಾನು ಮತ್ತು ನೀನು ಇಬ್ಬರ ನಡುವೆ ಆರಿಸಿದರೆ ಸಾಕು. ಹಣದ ವ್ಯವಹಾರದಲ್ಲಿ “ಹಣ ಕಳುಹಿಸಿದೆ” ಎಂದು ಒಂದೇ ಸಾಲು ಬಂದಾಗ ಕಳುಹಿಸಿದ್ದು ನಾನೋ ನೀನೋ ಬ್ಯಾಂಕೋ ಎಂದು ಮೂರು ಬಾರಿ ಯೋಚಿಸುತ್ತೇನೆ.

ಬಿಡಿಸಲು ದಾರಿ ಇದೆ. ಕಾಲದ ಮಾತು ಜೊತೆಗಿದೆಯೇ ನೋಡಿ. “ನಿನ್ನೆ ಸಂಜೆ ಕಳುಹಿಸಿದೆ” ಎಂದಿದ್ದರೆ ಬ್ಯಾಂಕಿನ ಅರ್ಥ ಬಹುಮಟ್ಟಿಗೆ ಹೊರಗೆ ಹೋಗುತ್ತದೆ. ನಂತರ ಬಂದ ಉತ್ತರ ನೋಡಿ. ಉತ್ತರ ಬರೆದವನಿಗೆ ಅದು ಹೇಗೆ ಅರ್ಥವಾಯಿತು ಎಂಬುದೇ ನಮಗೆ ಸಿಗುವ ಉತ್ತಮ ಸಾಕ್ಷಿ. ಈ ಸಂದೇಶದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಗಡಿಯಾರ. 10.10ಕ್ಕೆ ತಮ್ಮ “ಕೇಳಬೇಕು” ಎಂದಿದ್ದಾನೆ, 10.31ಕ್ಕೆ ಅಕ್ಕ “ಹೇಳಿದೆ” ಎಂದಿದ್ದಾರೆ. ನಡುವೆ ಇಪ್ಪತ್ತೊಂದು ನಿಮಿಷ. ಆ ಹೊತ್ತಿನಲ್ಲಿ ಅವರು ಯಾರಿಗೋ ಫೋನ್ ಮಾಡಿ ಮಾತನಾಡಿ ಬಂದಂತಿದೆ. “ನಾನು ಹೇಳಿದೆ” ಎಂಬುದೇ ಸರಿ ಎಂದು ನನಗೂ ಅನಿಸುತ್ತದೆ. ಆದರೆ ಅದನ್ನು ಹೇಳುತ್ತಿರುವುದು ಆ ಇಪ್ಪತ್ತೊಂದು ನಿಮಿಷ, “ಹೇಳಿದೆ” ಎಂಬ ಪದವಲ್ಲ.

ಮಲ್ಪೆ ಐಸ್ ಪ್ಲಾಂಟ್

ನಮ್ಮದೂ ಇಂಥದ್ದೇ ಒಂದು ಇದೆ, ಯಾರಾದರೂ ಹೇಳಿ. ನಮ್ಮಲ್ಲಿ ಮಂಜುಗಡ್ಡೆ ತೆಗೆದುಕೊಳ್ಳುವ ಬೋಟಿನವರ ಲೆಕ್ಕವನ್ನು ನಮ್ಮ ರೈಟರ್ ಮೊಬೈಲಿನಲ್ಲಿ ಕಳುಹಿಸುತ್ತಾರೆ. ದುಬೈಯಲ್ಲಿರುವ ನನ್ನ ಪಾಲುದಾರನ ಮಗನಿಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಮಗಳು ಇಂಗ್ಲಿಷ್ ಮಾಡಿ ಕಳುಹಿಸುತ್ತಾಳೆ. “ಅವರಿಗೆ ಎಂಟು ಸಾವಿರ ಕೊಡಲಿಕ್ಕೆ ಉಂಟು” ಎಂದು ಬಂದಿತ್ತು. ಮಗಳು ಬೋಟಿನವರು ನಮಗೆ ಕೊಡಬೇಕು ಎಂದು ಬರೆದಳು. ನಿಜವಾಗಿ ನಾವು ಅವರಿಗೆ ಕೊಡಬೇಕಾಗಿತ್ತು. ತಿಂಗಳ ಕೊನೆಯಲ್ಲಿ ಹದಿನಾರು ಸಾವಿರದ ವ್ಯತ್ಯಾಸ ಬಂತು. ಮಗಳದು ತಪ್ಪೇ? ರೈಟರದು ತಪ್ಪೇ?

ಹಂಪನಕಟ್ಟೆ

“ಅವರಿಗೆ” ಎಂದ ಮೇಲೆ ಅವರಿಗೇ ಕೊಡುವುದು. ಚತುರ್ಥಿ ವಿಭಕ್ತಿ. ನಿಮ್ಮ ಮಗಳದೇ ತಪ್ಪು.

ಕದ್ರಿ ಗುಡ್ಡೆ

ಆ ಹುಡುಗಿಯನ್ನು ಬಯ್ಯಬೇಡಿ. ನಮ್ಮ ಊರಿನ ಕಡೆ “ಅವರಿಗೆ ಮಂಗಳೂರಿಗೆ ಹೋಗಲಿಕ್ಕೆ ಉಂಟು” ಎಂದರೆ ಹೋಗಬೇಕಾದವರು ಅವರೇ. ಅಲ್ಲಿ “ಅವರಿಗೆ” ಎಂಬುದೇ ಕರ್ತೃವಿನ ಜಾಗದಲ್ಲಿದೆ. “ಲಿಕ್ಕೆ ಉಂಟು” ಎಂಬಲ್ಲಿ ಕೆಲಸದ ಹೊಣೆ ಯಾರದೋ ಅವರು ಚತುರ್ಥಿಯಲ್ಲಿ ಬರುತ್ತಾರೆ. ಅದೇ ಅಭ್ಯಾಸದಿಂದ ಓದಿದರೆ ಎಂಟು ಸಾವಿರದ ಹೊಣೆ ಬೋಟಿನವರದು. “ಕೊಡು” ಎಂಬ ಕ್ರಿಯೆಗೆ ಪಡೆಯುವವರೂ ಬೇಕು, ಅವರೂ ಚತುರ್ಥಿಯಲ್ಲೇ ಬರುತ್ತಾರೆ. ಒಂದು ಕುರ್ಚಿಗೆ ಇಬ್ಬರು. ಕೊಡುವ, ಹೇಳುವ, ತೋರಿಸುವ ಕ್ರಿಯೆಗಳಲ್ಲಿ ಮಾತ್ರ ಈ ತೊಂದರೆ, ಹೋಗುವ ಬರುವ ಕ್ರಿಯೆಗಳಲ್ಲಿ ಇಲ್ಲ. ನಿಮ್ಮ ರೈಟರ್ ಅವರಿಗೆ “ನಾವು” ಅಥವಾ “ನಮಗೆ” ಎಂಬ ಒಂದು ಪದ ಸೇರಿಸಲು ಹೇಳಿ. “ನಾವು ಅವರಿಗೆ ಕೊಡಲಿಕ್ಕೆ ಉಂಟು”, “ಅವರು ನಮಗೆ ಕೊಡಲಿಕ್ಕೆ ಉಂಟು”. ಮತ್ತೆ ಯಾರೂ ಎಡವುವುದಿಲ್ಲ.

ವಕೀಲರ ಗುಮಾಸ್ತ

ಮೂಲ ಪ್ರಶ್ನೆಗೆ ಬರೋಣ. ಕದ್ರಿಯವರ “ಬರೆದವರನ್ನು ಕೇಳಿ” ಎಂಬ ಉಪಾಯ ಮನೆಯ ವ್ಯವಹಾರಕ್ಕೆ ಸರಿ. ನ್ಯಾಯಾಲಯದ ಕಾಗದಕ್ಕೆ ನನ್ನ ಆಕ್ಷೇಪವಿದೆ. ಅಕ್ಕ ಈ ವ್ಯಾಜ್ಯದಲ್ಲಿ ಪಕ್ಷಗಾರರು. ಈಗ ಅವರನ್ನು ಕೇಳಿದರೆ ಅವರಿಗೆ ಅನುಕೂಲವಾದ ಉತ್ತರವೇ ಬರಬಹುದು. ಅನುವಾದಕರು ಅದನ್ನು ಇಂಗ್ಲಿಷಿನೊಳಗೆ ಸೇರಿಸಿದರೆ ಅದು ಅನುವಾದವಲ್ಲ, ಹೊಸ ಸಾಕ್ಷ್ಯ. ಸಂದೇಶಗಳನ್ನು ದಾಖಲೆಯಾಗಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದು ಮೊಬೈಲಿನಲ್ಲಿ ಇದ್ದದ್ದು ಇದೇ ಎಂಬುದಕ್ಕೆ. ಅದರ ಅರ್ಥ ಏನು ಎಂಬುದನ್ನು ಅಕ್ಕ ಬೇಕಾದರೆ ತಮ್ಮ ಅಫಿಡವಿಟ್ಟಿನಲ್ಲಿ ಹೇಳಲಿ. ನೀವು ಕಾಗದದಲ್ಲಿ ಇರುವಷ್ಟನ್ನೇ ಕೊಡಿ.

ಕುಂಜಿಬೆಟ್ಟು ಅನುವಾದಕಿ

ಗುಮಾಸ್ತರ ಮಾತು ನನ್ನ ಮನಸ್ಸಿಗೂ ನಾಟಿತು. ಆದರೆ ಇರುವಷ್ಟನ್ನೇ ಕೊಡಲು ಇಂಗ್ಲಿಷ್ ಬಿಡುವುದಿಲ್ಲವಲ್ಲ! ಅಲ್ಲಿ ಯಾರನ್ನಾದರೂ ಕೂರಿಸಲೇಬೇಕು, ಖಾಲಿ ಬಿಟ್ಟರೆ “ಐ” ತಾನಾಗಿ ಬಂದು ಕೂರುತ್ತದೆ.

ವಕೀಲರ ಕಚೇರಿಯ ಮೂಲಕ ಅಕ್ಕನಿಗೆ ಎರಡೇ ಪ್ರಶ್ನೆ ಕಳುಹಿಸಿದೆ, ಕದ್ರಿಯವರು ಹೇಳಿದ ರೀತಿಯಲ್ಲೇ. ಯಾಕೆ ಕೇಳುತ್ತಿದ್ದೇನೆ ಎಂದು ಹೇಳಲಿಲ್ಲ. ಬರಲಿಲ್ಲ ಎಂಬುದರ ಬದಲು ಆಗಿದ್ದಿದ್ದರೆ ಏನು ಬರೆಯುತ್ತಿದ್ದಿರಿ? “ಬಂತು” ಎಂದರು. ಸರಿ, ಹಣ. ಒಪ್ಪಲಿಲ್ಲ ಎಂಬುದರ ಬದಲು? “ಒಪ್ಪಿತು” ಎಂದರಂತೆ. ಒಪ್ಪಿತು! ನಾನು “ಒಪ್ಪಿದರು” ಎಂಬ ಉತ್ತರಕ್ಕೆ ಕಾದಿದ್ದೆ. ಒಪ್ಪುವ ನಪುಂಸಕ ಯಾವುದು? ಬ್ಯಾಂಕೇ? ಆ ಹೊತ್ತಿಗೆ ಬ್ಯಾಂಕಿನ ಜೊತೆ ಮಾತಾಡಿದ ಸುಳಿವು ಎಲ್ಲಿಯೂ ಇಲ್ಲ.

ವಿಟ್ಲ ಸೀಮೆ

ಅಕ್ಕಾ, ಆ ಮನೆಯವರು ಹವ್ಯಕರೇ? ಹೌದಾದರೆ ನಿಮ್ಮ ನಪುಂಸಕ ಒಬ್ಬಳು ಹೆಂಗಸು. ನಮ್ಮ ಮನೆಮಾತಿನಲ್ಲಿ ಹೆಣ್ಣಿಗೆ “ಅದು” ಎನ್ನುತ್ತೇವೆ. “ಅಕ್ಕ ಬಂತು”, “ತಂಗಿ ಹೇಳಿತು”. ಕೀಳಾಗಿ ಕಂಡು ಹೇಳುವುದಲ್ಲ, ಭಾಷೆಯೇ ಹಾಗಿದೆ. ಬರೆಯುವಾಗ ಶಾಲೆಯಲ್ಲಿ ಕಲಿತ ಕನ್ನಡವನ್ನೇ ಬರೆದರೂ ಫೋನಿನಲ್ಲಿ ಥಟ್ಟನೆ ಕೇಳಿದರೆ ಮನೆಯ ರೂಪ ಬಾಯಿಗೆ ಬಂದುಬಿಡುತ್ತದೆ. ನಾನು ಬೆಂಗಳೂರಿಗೆ ಬಂದ ಹೊಸದರಲ್ಲಿ ಸಹೋದ್ಯೋಗಿಯ ಬಗ್ಗೆ “ಅದು ಊಟಕ್ಕೆ ಹೋಯಿತು” ಎಂದು ಹೇಳಿ ಅವಳಿಗೆ ಬಹಳ ನೋವಾಗಿತ್ತು, ಇನ್ನೂ ಮರೆತಿಲ್ಲ.

ಹಾಗಾದರೆ “ಬಂತು” ಎಂದದ್ದೂ ಹಣವೇ ಎಂದು ಹೇಗೆ ಹೇಳುತ್ತೀರಿ? ತಂಗಿ ಬರಲಿಲ್ಲ ಎಂದೂ ಆಗಬಹುದಲ್ಲ.

ಕದ್ರಿ ಗುಡ್ಡೆ

ಇದು ನನಗೆ ಹೊಳೆದಿರಲಿಲ್ಲ. ನನ್ನ ಉಪಾಯ ನಿಂತಿರುವುದೇ ಬಂತು ಎಂದರೆ ಮನುಷ್ಯರಲ್ಲ ಎಂಬ ನಂಬಿಕೆಯ ಮೇಲೆ. ಪುತ್ತೂರು, ವಿಟ್ಲದ ಕಡೆಯ ಮನೆಗಳಲ್ಲಿ ಆ ನೆಲವೇ ಜಾರುತ್ತದೆ. ಸಣ್ಣ ಮಕ್ಕಳ ವಿಷಯದಲ್ಲಿ ಎಲ್ಲ ಮನೆಗಳಲ್ಲೂ ಜಾರುತ್ತದೆ, “ಮಗು ಮಲಗಿತು” ಎನ್ನುತ್ತೇವಲ್ಲ. ಇನ್ನು ಮುಂದೆ ಮೊದಲು ಮನೆಮಾತು ಯಾವುದು ಎಂದು ಕೇಳಿಕೊಂಡು ನಂತರ ಈ ಪ್ರಶ್ನೆ ಕೇಳುತ್ತೇನೆ.

ಈ “ಬರಲಿಲ್ಲ” ಹಣವೇ ಎಂದು ಈಗಲೂ ಹೇಳುತ್ತೇನೆ, ಕಾರಣ ಬೇರೆ. ಅದಕ್ಕಿಂತ ಐದು ನಿಮಿಷ ಮುಂಚೆ ತಮ್ಮ ಬರೆದದ್ದರಲ್ಲಿ ತಂಗಿಯ ಸುದ್ದಿಯೇ ಇಲ್ಲ. ಕಳುಹಿಸಿದ ವಸ್ತು ಒಂದಿದೆ, ಬಂದ ಮನುಷ್ಯನೊಬ್ಬನಿದ್ದಾನೆ. ಬರಲಿಲ್ಲ ಎಂಬುದು ಈ ಎರಡರಲ್ಲಿ ಒಂದಕ್ಕೆ ಉತ್ತರ. ಮನುಷ್ಯನಾಗಿದ್ದರೆ ಅಕ್ಕ “ಬಂದರು” ಎನ್ನುತ್ತಿದ್ದರು.

ತುಳುವ, ಮೂಡುಬಿದಿರೆ

ಎಲ್ಲರೂ “ನಾವು” ಎಂಬುದನ್ನು ಮರೆತಿದ್ದೀರಿ. ತುಳುವಿನಲ್ಲಿ ಕೇಳುವವರನ್ನೂ ಸೇರಿಸಿದರೆ “ನಮ”, ಬಿಟ್ಟರೆ “ಎಂಕುಲು”. ಕನ್ನಡದಲ್ಲಿ ಎರಡಕ್ಕೂ “ನಾವು”. ಇದಲ್ಲವೇ ದೊಡ್ಡ ಗೊಂದಲ?

ಕದ್ರಿ ಗುಡ್ಡೆ

ತುಳುವಿನಿಂದ ಮಾಡುವಾಗ ಹೌದು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಇದು ತೊಂದರೆ ಕೊಡುವುದಿಲ್ಲ, ಅಲ್ಲಿಯೂ “ವೀ” ಒಂದೇ. ಗೊಂದಲ ಹಾಗೆಯೇ ದಾಟಿಹೋಗುತ್ತದೆ, ನಾವು ಏನನ್ನೂ ಆರಿಸಬೇಕಾಗಿಲ್ಲ.

ಕುಂಜಿಬೆಟ್ಟು ಅನುವಾದಕಿ

ವಿಟ್ಲದವರಿಗೆ ಕೈಮುಗಿದೆ. ಹವ್ಯಕ ಮನೆಯೇ. ಕಚೇರಿಯವರು ಮತ್ತೆ ಫೋನ್ ಮಾಡಿದಾಗ ಅಕ್ಕ ತಾವಾಗಿಯೇ ಹೇಳಿದರಂತೆ: ತಂಗಿಗೆ ಫೋನ್ ಮಾಡಿ ಪಾಸ್‌ಬುಕ್ ತೋರಿಸು ಎಂದು ಹೇಳಿದ್ದು, ಅವಳು ಒಪ್ಪದೆ ಇದ್ದದ್ದು. ನನ್ನ ಮೊದಲ ಕರಡು ಹಾಗೆಯೇ ಹೋಗಿದ್ದರೆ ದೊಡ್ಡಪ್ಪನ ಮಗ ಏನನ್ನೋ ನಿರಾಕರಿಸಿದ ಎಂದು ಇಂಗ್ಲಿಷಿನಲ್ಲಿ ದಾಖಲಾಗುತ್ತಿತ್ತು. ಆ ಮನುಷ್ಯ ಆ ಇಪ್ಪತ್ತೊಂದು ನಿಮಿಷಗಳಲ್ಲಿ ಎಲ್ಲಿಯೂ ಇರಲಿಲ್ಲ.

ಆದರೂ “ಶೀ” ಎಂದು ಹಾಕಿಲ್ಲ. ಗುಮಾಸ್ತರು ಹೇಳಿದಂತೆ ಅದು ಅಕ್ಕನ ಹೇಳಿಕೆ, ಸಂದೇಶದ ಮಾತಲ್ಲ. ಕೊನೆಗೆ ಬರೆದದ್ದು ಹೀಗೆ. ಎರಡನೆಯ ಸಾಲಿಗೆ “ಇಟ್ ಡಿಡ್ ನಾಟ್ ಕಮ್”, ಆ “ಇಟ್” ಚೌಕ ಆವರಣದೊಳಗೆ. ನಾಲ್ಕನೆಯದಕ್ಕೆ “ಐ” ಎಂಬುದನ್ನು ಚೌಕ ಆವರಣದಲ್ಲಿಟ್ಟು “ಟೋಲ್ಡ್”, ಅದರ ಮುಂದೆ “ದೇರ್ ವಾಸ್ ನೋ ಅಗ್ರೀಮೆಂಟ್” ಎಂದು ಬರೆದಿದ್ದೆ. ಸಂಜೆ ಓದಿದಾಗ ಅದು ಇಬ್ಬರ ನಡುವೆ ಕರಾರು ಆಗಲಿಲ್ಲ ಎಂಬಂತೆ ಕೇಳಿಸಿತು, ಅಳಿಸಿದೆ. ಈಗ “ಡಿಡ್ ನಾಟ್ ಅಗ್ರೀ” ಎಂದು ಇಟ್ಟು, ಅದರ ಮುಂದೆ ಚೌಕ ಆವರಣದಲ್ಲಿ ಮೂಲದಲ್ಲಿ ಕರ್ತೃ ಇಲ್ಲ, ಕ್ರಿಯಾಪದದಿಂದಲೂ ತಿಳಿಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಓದಲು ಒರಟಾಗಿದೆ. “ಐ” ಮಾತ್ರ ಒಳಗೆ ನುಸುಳುವುದಿಲ್ಲ.

ವಕೀಲರ ಗುಮಾಸ್ತ

“ಟೋಲ್ಡ್” ಎಂಬುದಕ್ಕೆ ಆವರಣದಲ್ಲಿ “ಐ” ಹಾಕಿದ್ದೀರಿ, “ಒಪ್ಪಲಿಲ್ಲ” ಎಂಬುದಕ್ಕೆ ಯಾರನ್ನೂ ಹಾಕಲಿಲ್ಲ. ಎದುರು ಪಕ್ಷದವರು ಇದನ್ನೇ ಹಿಡಿದು ಕೇಳುತ್ತಾರೆ. ಅಲ್ಲಿ ಊಹಿಸಿದಿರಿ, ಇಲ್ಲಿ ಯಾಕೆ ಊಹಿಸಲಿಲ್ಲ ಎಂದು.

ಕುಂಜಿಬೆಟ್ಟು ಅನುವಾದಕಿ

ಅದಕ್ಕೆ ನನ್ನಲ್ಲಿ ಉತ್ತರವಿದೆ. “ಹೇಳಿದೆ” ಎಂಬುದರಲ್ಲಿ ಬಾಲ ಇದೆ, ಮೂವರಲ್ಲಿ ಒಬ್ಬರು, ಹೊತ್ತಿನ ಲೆಕ್ಕ ಉಳಿದಿಬ್ಬರನ್ನು ಹೊರಗಿಡುತ್ತದೆ. ಎರಡೂ ಕಾಗದದ ಮೇಲೆಯೇ ಇವೆ. “ಒಪ್ಪಲಿಲ್ಲ” ಎಂಬುದಕ್ಕೆ ಕಾಗದದ ಮೇಲೆ ಏನೂ ಇಲ್ಲ.

ನನಗೆ ಇನ್ನೂ ಸಮಾಧಾನವಾಗದೆ ಇರುವುದು ಮೂರನೆಯ ಸಾಲು, “ಹಾಗಾದರೆ ಕೇಳಬೇಕು”. ನಾನು ಕೇಳಬೇಕೇ, ನೀನು ಕೇಳಬೇಕೇ, ನಾವಿಬ್ಬರೂ ಸೇರಿಯೇ? “ಬೇಕು” ಎಂಬುದಕ್ಕೂ ಬಾಲವಿಲ್ಲ, ಕದ್ರಿಯವರ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಬರೆದವನು ತಮ್ಮ, ಈಗ ಎದುರು ಪಕ್ಷದಲ್ಲಿರುವವನು, ಅವನನ್ನು ಕೇಳುವಂತಿಲ್ಲ. ಇಪ್ಪತ್ತೊಂದು ನಿಮಿಷದ ನಂತರ ಅಕ್ಕ ತಾನೇ ಹೋಗಿ ಹೇಳಿ ಬಂದಿರುವುದರಿಂದ ಅವರು ಅದನ್ನು “ನೀನು ಕೇಳಬೇಕು” ಎಂದು ತಿಳಿದರು ಎಂದಾಗುತ್ತದೆ. ಅವನು ಹಾಗೆಯೇ ಹೇಳಿದ ಎಂದಾಗುವುದಿಲ್ಲ. ಸದ್ಯ “ದೆನ್ ಇಟ್ ಹ್ಯಾಸ್ ಟು ಬಿ ಆಸ್ಕ್ಡ್” ಎಂದು ಇಟ್ಟಿದ್ದೇನೆ. ಸೋಮವಾರ ಬೆಳಗ್ಗೆ ಕಡತ ಕೊಡಬೇಕು. ಅಷ್ಟರೊಳಗೆ ಯಾರಿಗಾದರೂ ಇದಕ್ಕಿಂತ ಸಹಜವಾದ ಇಂಗ್ಲಿಷ್ ಹೊಳೆದರೆ ಹೇಳಿ.